ಕ್ಲಬ್ಬಿಗೆ ಶುಲ್ಕ ಎಷ್ಟು, ಆಟಕ್ಕೆ ಎಷ್ಟು?

ನಮ್ಮ ಬಡಾವಣೆಯ ಶಟಲ್ ಕ್ಲಬ್ಬಿನಲ್ಲಿ ನಲವತ್ತು ಜನ ಸದಸ್ಯರಿದ್ದೀವಿ. ತಗಡಿನ ಶೆಡ್ಡಿನೊಳಗೆ ಎರಡು ಕೋರ್ಟು, ನೋಡಿಕೊಳ್ಳೋಕೆ ಒಬ್ಬ ಹುಡುಗ. ತಿಂಗಳ ಶುಲ್ಕ 500 ರೂಪಾಯಿ, ಅದರ ಮೇಲೆ ಆಡಿದ ಪ್ರತಿ ಗಂಟೆಗೆ ತಲಾ 40. ಈ 40 ರೂಪಾಯಿ ಶಟಲ್ ಕಾಕ್‌ಗೆ, ಲೈಟಿಗೆ ಸರಿಹೋಗುತ್ತೆ. ಬಾಡಿಗೆ, ಹುಡುಗನ ಸಂಬಳ ಎಲ್ಲಾ ಶುಲ್ಕದ 20,000ದಲ್ಲೇ ಆಗಬೇಕು. ಈ ವರ್ಷ ಶೆಡ್ಡಿನ ಓನರ್ ಬಾಡಿಗೆ ಏರಿಸಿದ್ರು. ಈಗ ತಿಂಗಳಿಗೆ 28,000 ಬೇಕು. ಹೊಂದಿಸೋಕೆ ಆಗದಿದ್ರೆ ಶೆಡ್ಡು ಯಾರದ್ದೋ ಗೋಡೌನ್ ಆಗುತ್ತೆ.

ನಮ್ಮ ಖಜಾಂಚಿ ಅಂಕಲ್ ಬ್ಯಾಂಕಿನಿಂದ ರಿಟೈರ್ ಆದವರು. ಅವರಿಗೆ ಲೆಕ್ಕ ಅರ್ಧ ನಿಮಿಷದ್ದು. "28,000 ಭಾಗಿಸು ನಲವತ್ತು, ತಲಾ 700. ಇದರಲ್ಲಿ ಯೋಚನೆ ಮಾಡೋದೇನಿದೆ ಹೇಳಪ್ಪಾ?"

ಯೋಚನೆ ಮಾಡೋದು ಇತ್ತು. ನಮ್ಮಲ್ಲಿ ಅರ್ಧ ಜನ ದಿನ ಬಿಟ್ಟು ದಿನ ಆಡೋರು, ಇನ್ನರ್ಧ ಶನಿವಾರ-ಭಾನುವಾರ ಮಾತ್ರ ಬರೋರು. ಗಂಟೆಗೆ 40 ಇದ್ದಾಗ ದಿನದ ಆಟಗಾರ ತಿಂಗಳಿಗೆ 16 ಗಂಟೆ ಆಡ್ತಾನೆ, ವಾರಾಂತ್ಯದವನು 8 ಗಂಟೆ. ಇದು ರಿಜಿಸ್ಟರ್‌ನಲ್ಲೇ ಸಿಕ್ಕಿತು. ದರ 80 ಆದ್ರೆ ಎಷ್ಟು ಆಡ್ತೀರಿ, 120 ಆದ್ರೆ ಎಷ್ಟು ಅಂತ ಗ್ರೂಪಿನಲ್ಲಿ ಕೇಳಿದೆ. ಬಂದ ಉತ್ತರಗಳನ್ನ ಸ್ವಲ್ಪ ದುಂಡಗೆ ಮಾಡಿಕೊಂಡೇ ಮುಂದಿನ ಲೆಕ್ಕ ಹೇಳ್ತೀನಿ.

ವಾರಾಂತ್ಯದವನಿಗೆ ತಿಂಗಳ ಮೊದಲ ಗಂಟೆಯ ಆಟ ಸುಮಾರು 190 ರೂಪಾಯಿ ಬಾಳುತ್ತೆ. ಎರಡನೆಯದು 170, ಮೂರನೆಯದು 150, ಹೀಗೆ ಇಳಿಯುತ್ತಾ ಎಂಟನೆಯ ಗಂಟೆ 50. ಒಂಬತ್ತನೆಯದು 30 ಮಾತ್ರ ಬಾಳುವುದರಿಂದ ಅದಕ್ಕೆ 40 ಕೊಡದೆ ಮನೆಯಲ್ಲೇ ಇರ್ತಾನೆ. ಎಂಟೂ ಗಂಟೆ ಕೂಡಿಸಿದರೆ 960. ಅದರಲ್ಲಿ 320 ಆಟದ ದರಕ್ಕೆ ಹೋದರೆ ಉಳಿಯೋದು 640. ಅಂದ್ರೆ ಅವನು ಒಪ್ಪಬಹುದಾದ ಶುಲ್ಕದ ಮಿತಿ 640. ಇದೇ ಲೆಕ್ಕದಲ್ಲಿ ದಿನದ ಆಟಗಾರನ ಮಿತಿ ಇದರ ಎರಡರಷ್ಟು, 1,280.

ಈಗ ಅಂಕಲ್ ಹೇಳಿದ 700 ನೋಡಿ. ವಾರಾಂತ್ಯದ ಇಪ್ಪತ್ತೂ ಜನ ಒಂದೆರಡು ತಿಂಗಳಲ್ಲಿ ಸದ್ದಿಲ್ಲದೆ ಜಾಗ ಖಾಲಿ ಮಾಡ್ತಾರೆ. ಜಗಳ ಆಡಲ್ಲ, ರಿನ್ಯೂ ಮಾಡಲ್ಲ ಅಷ್ಟೇ. ಕೈಗೆ ಬರೋದು 14,000. ಆಗ ಮತ್ತೆ ಭಾಗಾಕಾರ ಮಾಡಿದರೆ ಉಳಿದವರಿಗೆ ತಲಾ 1,400. ಅದು ಅವರ ಮಿತಿಯನ್ನೂ ದಾಟುತ್ತೆ. ಎರಡು ಭಾಗಾಕಾರಕ್ಕೆ ಕ್ಲಬ್ ಮುಗೀತು.

ಶುಲ್ಕವೇ ಬೇಡ, ಆಡಿದಷ್ಟಕ್ಕೆ ಮಾತ್ರ ದುಡ್ಡು ತಗೊಳ್ಳೋಣ ಅಂದ ನನ್ನ ವಯಸ್ಸಿನ ಒಬ್ಬ. ಕೇಳೋಕೆ ನ್ಯಾಯವಾಗಿದೆ. ಆದರೆ ಗಂಟೆಯ ದರ ಏರಿಸಿದಂತೆ ಆಡುವ ಗಂಟೆಗಳು ಕರಗುತ್ತವೆ. ನಾನು ಕೇಳಿದ ದರಗಳಲ್ಲಿ ಹೆಚ್ಚು ದುಡ್ಡು ಬರೋದು 120 ರೂಪಾಯಿಯಲ್ಲಿ. ಆಗ ಒಬ್ಬ 8 ಗಂಟೆ, ಇನ್ನೊಬ್ಬ 4 ಗಂಟೆ ಆಡ್ತಾರೆ. ಖರ್ಚಿನ 40 ಕಳೆದು ಕ್ಲಬ್ಬಿಗೆ ಉಳಿಯೋದು 19,200. ಈಗಿರೋ 20,000ಕ್ಕಿಂತಲೂ ಕಡಿಮೆ.

ಇದು ನಮ್ಮೊಬ್ಬರ ತಲೆನೋವಲ್ಲ. 1955ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ಶುರುವಾದಾಗ ಒಳಗೆ ಹೋಗೋಕೆ ಒಂದು ದರ, ಪ್ರತಿ ಆಟಕ್ಕೆ ಬೇರೆ ಟಿಕೆಟ್ ಇತ್ತು. ಆಮೇಲೆ ಅಕ್ಷರ ಹಾಕಿದ ಟಿಕೆಟ್ ಪುಸ್ತಕಗಳು ಬಂದವು. 1982ರಲ್ಲಿ ಅವೂ ಹೋಗಿ, ಒಂದೇ ಟಿಕೆಟ್‌ನಲ್ಲಿ ಎಲ್ಲಾ ಆಟ ಅಂತಾಯಿತು. ಈ ಎರಡು ಭಾಗದ ದರದ ಗಣಿತವನ್ನ 1971ರಲ್ಲಿ ವಾಲ್ಟರ್ ಓಯಿ ಎಂಬ ಅರ್ಥಶಾಸ್ತ್ರಜ್ಞ ಡಿಸ್ನಿಲ್ಯಾಂಡ್ ಹೆಸರಿಟ್ಟೇ ಬರೆದರು. ಬರುವವರೆಲ್ಲ ಒಂದೇ ಥರದವರಾದರೆ ಆಟದ ದರವನ್ನ ಖರ್ಚಿನಷ್ಟೇ ಇಟ್ಟು, ಉಳಿದದ್ದನ್ನ ಬಾಗಿಲಲ್ಲೇ ಶುಲ್ಕವಾಗಿ ತಗೊಳ್ಳಬೇಕು. ಜನ ಬೇರೆ ಬೇರೆ ಥರ ಇದ್ದು, ಕಡಿಮೆ ಆಡೋರನ್ನೂ ಉಳಿಸಿಕೊಳ್ಳಬೇಕು ಅಂದ್ರೆ, ಶುಲ್ಕ ಇಳಿಸಿ ಆಟದ ದರವನ್ನ ಖರ್ಚಿಗಿಂತ ಮೇಲೆ ಇಡಬೇಕಾಗುತ್ತೆ. ಹೆಚ್ಚು ಆಡೋರು ಆಗ ತಾವಾಗೇ ಹೆಚ್ಚು ಕೊಡ್ತಾರೆ.

(ಬಿಡದಿಯ ವಂಡರ್‌ಲಾದಲ್ಲಿ ಒಂದೇ ಟಿಕೆಟ್ಟಿಗೆ ಎಲ್ಲಾ ಆಟ. ತಿರುಗುತ್ತಿರೋ ಚಕ್ರದಲ್ಲಿ ಇನ್ನೊಬ್ಬ ಕೂತರೆ ಖರ್ಚು ಹೆಚ್ಚೇನೂ ಇಲ್ಲವಲ್ಲ. ಅಲ್ಲಿ ಆಟದ ಬೆಲೆಯನ್ನ ನಾವು ಕ್ಯೂನಲ್ಲಿ ನಿಂತು ಕೊಡ್ತೀವಿ. ನಿಲ್ಲೋಕೆ ಆಗದವರಿಗೆ ಫಾಸ್ಟ್‌ಟ್ರ್ಯಾಕ್ ಇದೆ, ದುಡ್ಡು ಜಾಸ್ತಿ.)

ನಮ್ಮ ಅಂಕಿಗಳಿಗೆ ಇದನ್ನ ಹಚ್ಚಿದೆ. ಗಂಟೆಗೆ 40 ಇಟ್ಟುಕೊಂಡೇ ಶುಲ್ಕವನ್ನ ಮಿತಿಯಷ್ಟು, ಅಂದ್ರೆ 640 ಮಾಡಿದ್ರೂ ಬರೋದು 25,600, ಸಾಲದು. ಗಂಟೆಗೆ 80 ಮಾಡಿದರೆ ವಾರಾಂತ್ಯದವನು 6 ಗಂಟೆ, ದಿನದವನು 12 ಗಂಟೆ ಆಡ್ತಾರೆ. ವಾರಾಂತ್ಯದವನು ಒಪ್ಪುವ ಶುಲ್ಕ ಈಗ 360ಕ್ಕೆ ಇಳಿಯುತ್ತೆ. ಶುಲ್ಕದಿಂದ ಬರೋದು 14,400. ಆಟದಿಂದ ಗಂಟೆಗೆ 40ರಂತೆ ಉಳಿಯೋದೂ 14,400. ಒಟ್ಟು 28,800. ಶುಲ್ಕ 500ರಿಂದ 360ಕ್ಕೆ ಇಳಿಸಿ ಹೆಚ್ಚು ದುಡ್ಡು ಮಾಡ್ತೀವಿ ಅಂದಾಗ ಅಂಕಲ್ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಅವರೇ ಇನ್ನೊಂದು ಮಾತು ಸೇರಿಸಿದರು: "ತುದಿಯಲ್ಲಿ ನಿಲ್ಲಿಸಬೇಡಪ್ಪಾ ಯಾರನ್ನೂ. 350 ಮಾಡು." ಅದು ಸರಿಯಾದ ಮಾತು. ನನ್ನ ಅಂದಾಜು ಐದು ರೂಪಾಯಿ ಆಚೀಚೆ ಆದ್ರೂ ಇಪ್ಪತ್ತು ಜನ ಹೋಗಿಬಿಡಬಹುದು. 350ರಲ್ಲೂ 28,400 ಬರುತ್ತೆ.

ಇದರಲ್ಲಿ ನನಗೆ ಸರಿ ಕಾಣದ್ದು ಒಂದಿತ್ತು. ದಿನದ ಆಟಗಾರ 16 ಗಂಟೆಯಿಂದ 12ಕ್ಕೆ ಇಳಿದ. ಬಿಟ್ಟುಹೋದ ಆ ನಾಲ್ಕು ಗಂಟೆ ಅವನಿಗೆ 45ರಿಂದ 75 ರೂಪಾಯಿ ಬಾಳುತ್ತಿತ್ತು, ಕ್ಲಬ್ಬಿಗೆ ತಗಲುತ್ತಿದ್ದುದು ಬರೀ 40. ಕೋರ್ಟು ಖಾಲಿ, ಆಡೋ ಮನಸ್ಸಿರೋನು ಮನೆಯಲ್ಲಿ. ಇದರಿಂದ ಯಾರಿಗೂ ಲಾಭ ಇಲ್ಲ.

ಹಾಗಾಗಿ ಮೊಬೈಲ್ ಕಂಪನಿಗಳ ಹಾಗೆ ಎರಡು ಪ್ಲಾನ್ ಇಟ್ಟೆವು. ಒಂದು, ಶುಲ್ಕ 350, ಗಂಟೆಗೆ 80. ಇನ್ನೊಂದು, ಶುಲ್ಕ 880, ಗಂಟೆಗೆ 40. ಯಾರಿಗೆ ಯಾವುದು ಅಂತ ನಾವು ಹೇಳಬೇಕಾಗಿಯೇ ಇಲ್ಲ. ವಾರಾಂತ್ಯದವನ ಮಿತಿ 640 ಆದ್ದರಿಂದ ಅವನು 880ರ ಕಡೆ ತಿರುಗಿಯೂ ನೋಡಲ್ಲ. ದಿನದವನಿಗೆ ಮೊದಲ ಪ್ಲಾನಿನಲ್ಲಿ ಎಲ್ಲ ಕೊಟ್ಟು ಉಳಿಯೋ ಸಂತೋಷದ ಬೆಲೆ 370, ಎರಡನೆಯದರಲ್ಲಿ 400. ಅವನ 16 ಗಂಟೆಯೂ ವಾಪಸ್. ಕ್ಲಬ್ಬಿಗೆ ಬರೋದು 29,400, ಒಂದೇ ಪ್ಲಾನಿಗಿಂತ ಸಾವಿರ ಹೆಚ್ಚು.

ಸೋರೋ ಜಾಗ ಒಂದಿದೆ, ಅದು ಕಾರ್ಡು. ವಾರಾಂತ್ಯದ ಇಬ್ಬರು ಸೇರಿ ಒಂದೇ 880ರ ಕಾರ್ಡು ಮಾಡಿಸಿಕೊಂಡು ಬೇರೆ ಬೇರೆ ದಿನ ಬಂದರೆ ತಲಾ 440 ಬೀಳುತ್ತೆ, ಗಂಟೆಗೆ ಬರೀ 40. ಅವರಿಗೆ ಭರ್ಜರಿ ಲಾಭ. ಬೇರೆ ಬೇರೆಯಾಗಿ ಮೊದಲ ಪ್ಲಾನಿನಲ್ಲಿದ್ದರೆ ಆ ಇಬ್ಬರಿಂದ ಕ್ಲಬ್ಬಿಗೆ ಉಳೀತಿದ್ದುದು 1,180, ಈಗ 880. ರಿಜಿಸ್ಟರ್‌ನಲ್ಲಿ ಒಂದೇ ಹೆಸರು ಶನಿವಾರ ಬೆಳಿಗ್ಗೆ, ಸಂಜೆ, ಭಾನುವಾರ ಮತ್ತೆ ಎರಡು ಸಲ ಕಂಡರೆ, ವಾರದ ದಿನ ಒಂದೂ ಇಲ್ಲದಿದ್ದರೆ, ಅದು ಹಂಚಿಕೊಂಡ ಕಾರ್ಡೇ ಇರಬೇಕು. ಅದಕ್ಕೇ 880ರ ಕಾರ್ಡಿಗೆ ಮಾತ್ರ ಫೋಟೋ ಅಂಟಿಸಿದ್ದೀವಿ. ಬಾಗಿಲ ಹುಡುಗ ಅಂಕಲ್ ಬಂದರೂ ಫೋಟೋ ನೋಡಿಯೇ ಒಳಗೆ ಬಿಡೋದು.