‘ಏಕೆಂದರೆ’ ಮತ್ತು ‘ಬಿಕಾಸ್’

ಕನ್ನಡದ ‘ಏಕೆಂದರೆ’ ಒಂದೇ ಪದದಂತೆ ಕಂಡರೂ ಅದರೊಳಗೆ ಪುಟ್ಟದೊಂದು ಸಂಭಾಷಣೆ ಅಡಗಿದೆ. ‘ಏಕೆ ಎಂದರೆ’, ಅಂದರೆ ‘ಏಕೆ ಎಂದು ನೀವು ಕೇಳುವುದಾದರೆ’. ಓದುಗನ ಪ್ರಶ್ನೆಯನ್ನು ಬರೆಯುವವನೇ ಎತ್ತಿಕೊಂಡು, ಅದಕ್ಕೆ ಉತ್ತರವನ್ನು ಪೂರ್ಣ ವಾಕ್ಯವಾಗಿ ಕೊಡುತ್ತಾನೆ. ಆದುದರಿಂದಲೇ ‘ಅವನು ಬರಲಿಲ್ಲ. ಏಕೆಂದರೆ ಮಳೆ ಸುರಿಯುತ್ತಿತ್ತು’ ಎಂದು ನಡುವೆ ಪೂರ್ಣವಿರಾಮವಿಟ್ಟರೆ ಕನ್ನಡಕ್ಕೆ ಯಾವ ಊನವೂ ಇಲ್ಲ. ತಮಿಳಿನ ‘ಏನೆನ್ರಾಲ್’ ಕೂಡ ಹೀಗೆಯೇ ಹುಟ್ಟಿದ ಪದ. ಚೆನ್ನೈಯ ಕೇಂದ್ರ ಸರ್ಕಾರಿ ಕಚೇರಿಯೊಂದರಲ್ಲಿ ಇಂಗ್ಲಿಷ್ ಟಿಪ್ಪಣಿಗಳನ್ನು ಓದುವುದೇ ನನ್ನ ದಿನದ ಕೆಲಸ. ಕನ್ನಡಿಗರ ಟಿಪ್ಪಣಿಯೂ ತಮಿಳರ ಟಿಪ್ಪಣಿಯೂ ಒಂದೇ ಜಾಗದಲ್ಲಿ ಮುರಿಯುವುದನ್ನು ಕಂಡಾಗಲೆಲ್ಲ ನನಗೆ ಈ ಎರಡು ಪದಗಳ ನೆನಪಾಗುತ್ತದೆ.

ನಮ್ಮ ವಿಭಾಗಕ್ಕೆ ಹೊಸದಾಗಿ ಬಂದ ತರುಣರೊಬ್ಬರು ತಾಳವಾಡಿಯ ಕಡೆಯವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು. ನಿಧನರಾದ ನೌಕರರೊಬ್ಬರ ಪತ್ನಿಯ ಕುಟುಂಬ ಪಿಂಚಣಿಯ ಬಗ್ಗೆ ಅವರು ಬರೆದ ಟಿಪ್ಪಣಿ ಇಷ್ಟೇ ಇತ್ತು: ‘ದಿ ಕ್ಲೇಮ್ ವಾಸ್ ರಿಟರ್ನ್ಡ್ ಟು ದಿ ಅಪ್ಲಿಕೆಂಟ್. ಬಿಕಾಸ್ ದಿ ಡೇಟ್ ಆಫ್ ಬರ್ತ್ ಡಸ್ ನಾಟ್ ಮ್ಯಾಚ್. ಆ್ಯನ್ ಅಫಿಡವಿಟ್ ವಾಸ್ ಕಾಲ್ಡ್ ಫಾರ್ ಫ್ರಮ್ ದಿ ಅಪ್ಲಿಕೆಂಟ್. ವಿಚ್ ಈಸ್ ಸ್ಟಿಲ್ ಅವೇಟೆಡ್.’

ಕಡತ ಮೇಲಕ್ಕೆ ಹೋಗಿ ಒಂದು ಷರಾದೊಡನೆ ಕೆಳಗಿಳಿಯಿತು: ಪ್ರಮಾಣಪತ್ರ ಕೇಳಿದ್ದು ಸರಿ, ಆದರೆ ಅರ್ಜಿಯನ್ನು ಹಿಂತಿರುಗಿಸಿದ್ದೇಕೆ? ತರುಣರಿಗೆ ಅಚ್ಚರಿ. “ಕಾರಣ ಬರೆದಿದ್ದೇನಲ್ಲ ಸಾರ್, ಅದರ ಮುಂದೆಯೇ ಇದೆ” ಎಂದರು. ಇದ್ದದ್ದು ನಿಜ. ಆದರೆ ಮೇಲಿನ ಅಧಿಕಾರಿ ಆ ಕಾರಣವನ್ನು ಹಿಂದಿನ ವಾಕ್ಯಕ್ಕಲ್ಲ, ಮುಂದಿನ ವಾಕ್ಯಕ್ಕೆ ಸೇರಿಸಿ ಓದಿದ್ದರು. ಅವರನ್ನು ದೂರುವಂತೆಯೂ ಇಲ್ಲ. ‘ಏಕೆಂದರೆ’ ಯಾವಾಗಲೂ ಹಿಂದಿರುಗಿ ನೋಡುತ್ತದೆ. ಅದರ ಪ್ರಶ್ನೆ ಹುಟ್ಟುವುದೇ ಹಿಂದಿನ ಮಾತಿನಿಂದ. ‘ಬಿಕಾಸ್’ ಹಿಂದಕ್ಕೂ ಮುಂದಕ್ಕೂ ನೋಡಬಲ್ಲದು. ಅದರ ಹಿಂದೆ ಪೂರ್ಣವಿರಾಮ ಬಿದ್ದೊಡನೆ ಓದುಗನು ಮುಖ್ಯವಾಕ್ಯ ಇನ್ನು ಮುಂದೆ ಬರುವುದೆಂದು ಕಾಯತೊಡಗುತ್ತಾನೆ. ಒಂದು ಚುಕ್ಕಿಯಿಂದಾಗಿ ಆ ತಾಯಿಯ ಪಿಂಚಣಿ ಇನ್ನೊಂದು ಸುತ್ತು ಕಾಯಬೇಕಾಯಿತು.

ಜೋಡಿಸುವ ದಾರಿ ಎರಡು. ಮೊದಲನೆಯದರಲ್ಲಿ ಚುಕ್ಕಿಯನ್ನು ಅಳಿಸಿದರೆ ಸಾಕು: ‘ದಿ ಕ್ಲೇಮ್ ವಾಸ್ ರಿಟರ್ನ್ಡ್ ಟು ದಿ ಅಪ್ಲಿಕೆಂಟ್ ಬಿಕಾಸ್ ದಿ ಡೇಟ್ ಆಫ್ ಬರ್ತ್ ಡಸ್ ನಾಟ್ ಮ್ಯಾಚ್.’ ಇಲ್ಲಿ ಅಲ್ಪವಿರಾಮವೂ ಬೇಡ. ಎರಡನೆಯದರಲ್ಲಿ ಕಾರಣ ಮೊದಲು ಬಂದು, ಅದರ ಕೊನೆಗೆ ಅಲ್ಪವಿರಾಮ ಬಿದ್ದು, ಆಮೇಲೆ ಮುಖ್ಯವಾಕ್ಯ ಬರುತ್ತದೆ. ‘ಜನ್ಮದಿನಾಂಕ ತಾಳೆಯಾಗದ ಕಾರಣ ಅರ್ಜಿಯನ್ನು ಹಿಂತಿರುಗಿಸಲಾಗಿದೆ’ ಎಂಬ ನಮ್ಮ ಕಚೇರಿಗನ್ನಡದ ಅಚ್ಚು ಅದೇ. ‘ಬಿಕಾಸ್‌ನಿಂದ ವಾಕ್ಯ ಆರಂಭಿಸಲೇಬಾರದು’ ಎಂದು ಶಾಲೆಯಲ್ಲಿ ಕಲಿಸುವ ನಿಯಮ ಈ ಎರಡನೆಯ ದಾರಿಯನ್ನು ವೃಥಾ ಮುಚ್ಚಿಬಿಡುತ್ತದೆ. ಮುಖ್ಯವಾಕ್ಯ ಬರುವ ಮೊದಲೇ ಚುಕ್ಕಿ ಇಡಬಾರದು, ಅಷ್ಟೆ. ಅನುಮಾನ ಬಂದರೆ ತುಣುಕಿನ ಹಿಂದೆ ‘ಇಟ್ ಈಸ್ ಟ್ರೂ ದ್ಯಾಟ್’ ಎಂದು ಸೇರಿಸಿ ಗಟ್ಟಿಯಾಗಿ ಓದಬೇಕು. ಪೂರ್ಣ ವಾಕ್ಯ ನಿಲ್ಲುತ್ತದೆ. ತುಣುಕು ಬಾಯಲ್ಲೇ ತೊಡರುತ್ತದೆ.

ಮುಖ್ಯವಾಕ್ಯದಲ್ಲಿ ‘ನಾಟ್’ ಇದ್ದರೆ ಮಾತ್ರ ಇನ್ನಷ್ಟು ಎಚ್ಚರ ಬೇಕು. ‘ದಿ ಪೆನ್ಷನ್ ವಾಸ್ ನಾಟ್ ಸ್ಟಾಪ್ಡ್ ಬಿಕಾಸ್ ಶಿ ಕಂಪ್ಲೇನ್ಡ್’ ಎಂಬುದಕ್ಕೆ ಅರ್ಥ ಎರಡು: ಆಕೆ ದೂರಿದ್ದರಿಂದ ಪಿಂಚಣಿ ನಿಲ್ಲಲಿಲ್ಲ, ಇಲ್ಲವೇ ಪಿಂಚಣಿ ನಿಂತಿತು, ಆದರೆ ಕಾರಣ ಆಕೆಯ ದೂರಲ್ಲ. ಮೊದಲ ಅರ್ಥವೇ ಬೇಕಾದಾಗ ಕಾರಣವನ್ನು ಮುಂದಕ್ಕೆ ತರುವುದು ಕ್ಷೇಮ.

‘ವಿಚ್’ನ ಕಥೆ ಬೇರೆ. ಚುಕ್ಕಿಯ ಜಾಗದಲ್ಲಿ ಅಲ್ಪವಿರಾಮ ಹಾಕಿದ ಮಾತ್ರಕ್ಕೆ ಅದು ನೆಟ್ಟಗಾಗದು. ‘ಫ್ರಮ್ ದಿ ಅಪ್ಲಿಕೆಂಟ್, ವಿಚ್ ಈಸ್ ಸ್ಟಿಲ್ ಅವೇಟೆಡ್’ ಎಂದರೆ ‘ವಿಚ್’ ಅರ್ಜಿದಾರಳ ಸೆರಗು ಹಿಡಿಯುತ್ತದೆ, ಏಕೆಂದರೆ ಅದಕ್ಕೆ ಹತ್ತಿರದ ನಾಮಪದವೇ ನೆಂಟ. ಪ್ರಮಾಣಪತ್ರವನ್ನು ಅದರ ಪಕ್ಕಕ್ಕೆ ತರಬೇಕು: ‘ವಿ ಹ್ಯಾವ್ ಆಸ್ಕ್ಡ್ ದಿ ಅಪ್ಲಿಕೆಂಟ್ ಫಾರ್ ಆ್ಯನ್ ಅಫಿಡವಿಟ್, ವಿಚ್ ಈಸ್ ಸ್ಟಿಲ್ ಅವೇಟೆಡ್.’

ಈ ತೊಡಕಿಗೂ ಬೇರು ನಮ್ಮ ಭಾಷೆಯಲ್ಲಿದೆ. ಕನ್ನಡದಲ್ಲಿ ವಿಶೇಷಣವಾಕ್ಯ ನಾಮಪದದ ಬಾಲವಾಗಿ ಬರುವುದು ಅಪರೂಪ. ‘ಕೇಳಿದ ಪ್ರಮಾಣಪತ್ರ’ ಎಂದು ಕೃದಂತ ಮುಂದೆ ನಿಲ್ಲುತ್ತದೆ. ‘ವಿಚ್’ಗೆ ಸಮನಾದ ಬಾಲ ಸಿಗದೆ ನಮ್ಮವರು ‘ಅದು ಇನ್ನೂ ಬಂದಿಲ್ಲ’ ಎಂಬ ಬಿಡಿವಾಕ್ಯವನ್ನು ಮನಸ್ಸಿನಲ್ಲಿ ಕಟ್ಟಿ, ‘ಅದು’ವಿನ ಜಾಗದಲ್ಲಿ ‘ವಿಚ್’ ಇಡುತ್ತಾರೆ. ಹಾಗಾದರೆ ‘ಇಟ್’ ಎಂದೇ ಬರೆಯಬಹುದು, ಚುಕ್ಕಿಯೂ ಉಳಿಯುತ್ತದೆ. ಆದರೆ ‘ಇಟ್’ ಹಾಕಿ ಚುಕ್ಕಿಯನ್ನು ಅಲ್ಪವಿರಾಮ ಮಾಡಿದರೆ ಎರಡು ಪೂರ್ಣ ವಾಕ್ಯಗಳು ಅಂಟಿಕೊಂಡ ಇನ್ನೊಂದು ದೋಷ.

ನನಗೆ ಹೆಚ್ಚು ಹಿಡಿಸಿದ್ದು ಮೂರನೆಯ ಬಗೆ. ತರುಣರನ್ನು ಇದನ್ನೇ ಕನ್ನಡದಲ್ಲಿ ಹೇಳಿ ಎಂದೆ. “ಅರ್ಜಿದಾರರಿಂದ ಕೇಳಿದ ಅಫಿಡವಿಟ್ ಇನ್ನೂ ಬಂದಿಲ್ಲ ಸಾರ್” ಎಂದರು. ಹಾಗೆಯೇ ಬರೆಯಿರಿ ಎಂದೆ: ‘ದಿ ಅಫಿಡವಿಟ್ ಕಾಲ್ಡ್ ಫಾರ್ ಫ್ರಮ್ ದಿ ಅಪ್ಲಿಕೆಂಟ್ ಈಸ್ ಸ್ಟಿಲ್ ಅವೇಟೆಡ್.’ ‘ವಿಚ್’ ಇಲ್ಲ, ಅಲ್ಪವಿರಾಮವಿಲ್ಲ. ನಾಲ್ಕು ಚುಕ್ಕಿಗಳ ಟಿಪ್ಪಣಿ ಎರಡು ಚುಕ್ಕಿಗಳದಾಗಿ ಅದೇ ಸಂಜೆ ಮತ್ತೆ ಮೇಲೇರಿತು.