ನಿಯ್ಯತ್‌ನ ಹದೀಸ್ ಮತ್ತು ಆ ನಾಲ್ಕು ಹೆಸರುಗಳು

ಕಳೆದ ವರ್ಷದ ಒಂದು ಭಾನುವಾರ ನಮ್ಮ ಮದ್ರಸದಲ್ಲಿ ದೊಡ್ಡ ಮಕ್ಕಳಿಗೆ ಸಹೀಹುಲ್ ಬುಖಾರಿಯ ಮೊದಲ ಹದೀಸಿನ ಪಾಠ ನಡೆಯುತ್ತಿತ್ತು. ಕರ್ಮಗಳ ಬೆಲೆಯು ಅವುಗಳ ಹಿಂದಿನ ನಿಯ್ಯತ್‌ನ ಮೇಲೆ ನಿಂತಿದೆ ಎಂದು ಬೋಧಿಸುವ ಈ ಹದೀಸ್ ನಮ್ಮ ಮನೆಗಳಲ್ಲಿ ಓದು ಬಾರದ ಅಜ್ಜಿಯರಿಗೂ ಬಾಯಿಪಾಠ. ನಾನು ಎಂದಿನಂತೆ ಮೊದಲು ಸನದನ್ನು, ಅಂದರೆ ವರದಿಗಾರರ ಸರಣಿಯನ್ನು, ಕಪ್ಪುಹಲಗೆಯ ಮೇಲೆ ಬರೆದೆ. ಇಮಾಮ್ ಬುಖಾರಿಯವರಿಗೆ(ರ.ಅ) ಹೇಳಿದವರು ಹುಮೈದಿ, ಅವರಿಗೆ ಸುಫ್ಯಾನ್ ಬಿನ್ ಉಯೈನ, ಅವರಿಗೆ ಯಹ್ಯಾ ಬಿನ್ ಸಈದ್ ಅಲ್ ಅನ್ಸಾರಿ, ಅವರಿಗೆ ಮುಹಮ್ಮದ್ ಬಿನ್ ಇಬ್ರಾಹೀಮ್ ಅತ್ತೈಮಿ, ಅವರಿಗೆ ಅಲ್ಕಮ ಬಿನ್ ವಕ್ಕಾಸ್, ಅವರು ಕೇಳಿದ್ದು ಮಿಂಬರಿನ ಮೇಲಿದ್ದ ಹಝ್ರತ್ ಉಮರ್‌ರಿಂದ(ರ).

ಪದವಿ ಓದುತ್ತಿರುವ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಳು. "ಉಸ್ತಾದರೇ, ಪ್ರವಾದಿಯವರಿಂದ(ಸ) ಇದನ್ನು ವರದಿ ಮಾಡಿದವರು ಉಮರ್(ರ) ಒಬ್ಬರೇ. ಅವರಿಂದ ಅಲ್ಕಮ ಒಬ್ಬರೇ, ಅವರಿಂದ ಮುಹಮ್ಮದ್ ಬಿನ್ ಇಬ್ರಾಹೀಮ್ ಒಬ್ಬರೇ, ಅವರಿಂದ ಯಹ್ಯಾ ಒಬ್ಬರೇ. ಯಹ್ಯಾರ ನಂತರ ಮಾತ್ರ ಹತ್ತಾರು ಜನ. ಹಾಗಾದರೆ ಯಹ್ಯಾರೇ ಇದನ್ನು ಕಟ್ಟಿ ಹೇಳಿರಬಹುದು ಎಂದು ಯಾರಾದರೂ ಕೇಳಿದರೆ ನಾವು ಏನು ಹೇಳಬೇಕು?"

"ಇಂತಹ ಪ್ರಶ್ನೆ ಈಮಾನಿಗೆ ಒಳ್ಳೆಯದಲ್ಲ ಮಗಳೇ" ಎಂದು ನಾನು ಹೇಳಿದೆ. ಅವಳು ತಲೆ ತಗ್ಗಿಸಿ ಕುಳಿತಳು. ಪಾಠ ಮುಂದುವರಿಯಿತು. ಆದರೆ ನನಗೆ ಅಂದು ರಾತ್ರಿ ಸಮಾಧಾನವಿರಲಿಲ್ಲ. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಈ ಹದೀಸನ್ನು ಯಹ್ಯಾ ಬಿನ್ ಸಈದರ ಮೂಲಕವಲ್ಲದೆ ಬೇರೆ ದಾರಿಯಿಂದ ನಾವು ತಿಳಿದಿಲ್ಲ ಎಂದು ಇಮಾಮ್ ತಿರ್ಮಿದಿಯವರೇ(ರ.ಅ) ತಮ್ಮ ಗ್ರಂಥದಲ್ಲಿ ಬರೆದಿದ್ದಾರೆ. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಅವರು ಅಳುಕದೆ ಬರೆದ ಸಂಗತಿಯನ್ನು ಇಂದು ಒಬ್ಬ ಹುಡುಗಿ ಹೇಳಿದಾಗ ನಾನೇಕೆ ಬೆಚ್ಚಿದೆ?

ದರ್ಸಿನ ದಿನಗಳಲ್ಲಿ ಓದಿದ್ದನ್ನು ಮತ್ತೆ ತೆರೆದೆ. ಸನದನ್ನು ಕೇಳುವ ಪದ್ಧತಿಯು ಆರಂಭದಿಂದಲೂ ಇದ್ದುದಲ್ಲ. ಬಸರದ ತಾಬಿಈ ವಿದ್ವಾಂಸ ಇಬ್ನ್ ಸೀರೀನ್‌ರ(ರ.ಅ) ಒಂದು ಮಾತನ್ನು ಇಮಾಮ್ ಮುಸ್ಲಿಮ್(ರ.ಅ) ತಮ್ಮ ಸಹೀಹ್‌ನ ಮುನ್ನುಡಿಯಲ್ಲಿ ದಾಖಲಿಸಿದ್ದಾರೆ. ಅದರ ಸಾರವಿಷ್ಟು: ಮೊದಲು ಜನರು ಸನದಿನ ಬಗ್ಗೆ ವಿಚಾರಿಸುತ್ತಿರಲಿಲ್ಲ; ಫಿತ್ನ ತಲೆದೋರಿದ ಬಳಿಕವೇ ಯಾರಿಂದ ಕೇಳಿದಿರಿ ಎಂದು ಕೇಳತೊಡಗಿದರು; ಸುನ್ನತ್‌ನ ಹಾದಿಯವರ ವರದಿಯನ್ನು ಸ್ವೀಕರಿಸಿ, ನೂತನವಾದಿಗಳದ್ದನ್ನು ಬಿಟ್ಟರು. ಸಹಾಬಿಗಳು ಒಬ್ಬರನ್ನೊಬ್ಬರು ಬಲ್ಲವರಾಗಿದ್ದ ಮದೀನದಲ್ಲಿ ಇಂತಹ ಪ್ರಶ್ನೆಯ ಅಗತ್ಯ ಕಡಿಮೆಯಿತ್ತು. ಸಮುದಾಯವು ಒಡೆದು, ಪ್ರತಿಯೊಂದು ಪಕ್ಷವೂ ಪ್ರವಾದಿಯವರ(ಸ) ಹೆಸರಿನಲ್ಲಿ ಮಾತನಾಡಲು ಹೊರಟಾಗ ಹೇಳಿದವರು ಯಾರು ಎಂಬುದೇ ಮೊದಲ ಪ್ರಶ್ನೆಯಾಯಿತು.

ಈ ಫಿತ್ನ ಯಾವುದು? ನಮ್ಮ ಉಲಮಾಗಳಲ್ಲಿ ಹೆಚ್ಚಿನವರು ಹಝ್ರತ್ ಉಸ್ಮಾನ್‌ರ(ರ) ಹತ್ಯೆಯನ್ನು, ಅಂದರೆ ಹಿ.ಶ. 35 (ಕ್ರಿ.ಶ. 656) ಅನ್ನು ಸೂಚಿಸುತ್ತಾರೆ. ಡಚ್ ವಿದ್ವಾಂಸ ಯೂಯ್ನ್‌ಬೋಲ್ ಅದು ಅಬ್ದುಲ್ಲಾಹ್ ಬಿನ್ ಝುಬೈರ್‌ರ(ರ) ಕಾಲದ ಕಲಹವೆಂದರು. ಜರ್ಮನ್ ಮೂಲದ ಜೋಸೆಫ್ ಶಾಖ್ಟ್ ಅದನ್ನು ಹಿ.ಶ. 126ಕ್ಕೆ, ಉಮಯ್ಯ ಖಲೀಫ ವಲೀದ್ ಬಿನ್ ಯಝೀದ್‌ನ ಹತ್ಯೆಗೆ ಒಯ್ದರು. ಇಬ್ನ್ ಸೀರೀನ್ ಹಿ.ಶ. 110ರಲ್ಲೇ ನಿಧನರಾದ ಕಾರಣ ಆ ಮಾತೇ ಅವರದ್ದಲ್ಲ ಎಂಬುದು ಶಾಖ್ಟ್‌ರ ತೀರ್ಮಾನ. ಆದರೆ ಫಿತ್ನ ಎಂಬ ಪದಕ್ಕೆ ಅದೊಂದೇ ಅರ್ಥವೆಂದು ಹಿಡಿದರೆ ಮಾತ್ರ ಈ ವಾದ ನಿಲ್ಲುತ್ತದೆ. ಹಿಂದಿನ ಎರಡು ಕಲಹಗಳಲ್ಲಿ ಯಾವುದನ್ನು ಒಪ್ಪಿದರೂ ಇಬ್ನ್ ಸೀರೀನ್‌ರ ಮಾತಿಗೆ ಅಡ್ಡಿಯಿಲ್ಲ.

ಇನ್ನು ನನ್ನ ವಿದ್ಯಾರ್ಥಿನಿಯ ಪ್ರಶ್ನೆಯ ತಿರುಳಿಗೆ ಬರೋಣ. ಶಾಖ್ಟ್ 1950ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಎರಡು ವಾದಗಳನ್ನು ಮುಂದಿಟ್ಟರು. ಒಂದು, ಹಲವು ಸರಣಿಗಳು ಒಬ್ಬನೇ ವ್ಯಕ್ತಿಯಲ್ಲಿ ಕೂಡಿಕೊಂಡರೆ, ಆ ಹದೀಸ್ ಅವನ ಕಾಲದಲ್ಲಿ, ಅವನಿಂದ ಅಥವಾ ಅವನ ಹೆಸರಿನಲ್ಲಿ ಹುಟ್ಟಿದ್ದು. ಎರಡು, ಒಂಟಿ ಸರಣಿಯ ಹದೀಸಿಗೆ ಬಲ ಕೊಡಲು ನಂತರದವರು ಹೊಸ ಸರಣಿಗಳನ್ನು ಜೋಡಿಸುತ್ತಾ ಹೋದರು. ಯೂಯ್ನ್‌ಬೋಲ್ ಮೊದಲನೆಯ ವಾದವನ್ನು ಬಹಳ ವಿಸ್ತರಿಸಿದರು. ಈ ಅಳತೆಗೋಲಿನಲ್ಲಿ ನಿಯ್ಯತ್‌ನ ಹದೀಸಿನ ಕೂಡುಬಿಂದು ಯಹ್ಯಾ ಬಿನ್ ಸಈದರೇ.

ಎರಡನೆಯ ವಾದವನ್ನು ಇದೇ ಹದೀಸಿನ ಮೇಲೆ ಪರೀಕ್ಷಿಸಲು ಸಾಧ್ಯ. ಏಕೆಂದರೆ ಈ ಹದೀಸಿಗೆ ನಿಜವಾಗಿಯೂ ಇನ್ನೊಂದು ಸನದ್ ಕಾಣಿಸಿಕೊಂಡಿತ್ತು. ಅಬ್ದುಲ್ ಮಜೀದ್ ಬಿನ್ ಅಬೀ ರವ್ವಾದ್ ಎಂಬವರು ಇದನ್ನು ಇಮಾಮ್ ಮಾಲಿಕ್‌ರಿಂದ(ರ.ಅ) ವರದಿ ಮಾಡುತ್ತಾ, ಮಾಲಿಕ್ ಇದನ್ನು ಝೈದ್ ಬಿನ್ ಅಸ್ಲಮ್‌ರಿಂದ, ಅವರು ಅತಾ ಬಿನ್ ಯಸಾರ್‌ರಿಂದ, ಅವರು ಸಹಾಬಿ ಅಬೂ ಸಈದ್ ಅಲ್ ಖುದ್ರಿಯವರಿಂದ(ರ) ಕೇಳಿದರೆಂದರು. ಮಾಲಿಕ್‌ರಿಂದ ಮೇಲಕ್ಕೆ ಇರುವವರೆಲ್ಲರೂ ವಿಶ್ವಾಸಾರ್ಹರು. ಸರಣಿಯಲ್ಲಿ ಎಲ್ಲಿಯೂ ಕಡಿತವಿಲ್ಲ. ಇದನ್ನು ಒಪ್ಪಿದ್ದರೆ ಉಮರ್‌ರ(ರ) ಜೊತೆಗೆ ಇನ್ನೊಬ್ಬ ಸಹಾಬಿಯ ಸಾಕ್ಷ್ಯ ದೊರೆತು, ಒಂಟಿತನದ ಆಕ್ಷೇಪವೇ ಮುಗಿದುಹೋಗುತ್ತಿತ್ತು.

ಹದೀಸ್ ವಿಮರ್ಶಕರು ಏನು ಮಾಡಿದರು? ಮಾಲಿಕ್‌ರ ಇತರ ಶಿಷ್ಯರನ್ನು ನೋಡಿದರು. ಮಾಲಿಕ್‌ರ ಪ್ರಮುಖ ಶಿಷ್ಯರಾದ ಖಅನಬಿಯವರು, ಮಾಲಿಕ್ ಇದನ್ನು ಯಹ್ಯಾ ಬಿನ್ ಸಈದರಿಂದ ಕೇಳಿದರೆಂದೇ ವರದಿ ಮಾಡಿದ್ದಾರೆ. ಬುಖಾರಿ ಮತ್ತು ಮುಸ್ಲಿಮ್ ಇಬ್ಬರೂ ಅದನ್ನೇ ಸ್ವೀಕರಿಸಿದ್ದಾರೆ. ಯಹ್ಯಾ ಬಿನ್ ಕಝಅ ಎಂಬ ಇನ್ನೊಬ್ಬ ಶಿಷ್ಯರ ವರದಿಯೂ ಹಾಗೆಯೇ ಇದೆ. ಅಬ್ದುಲ್ ಮಜೀದ್ ಮಾತ್ರ ಬೇರೆ ಹೇಳಿದರು. ಆದ್ದರಿಂದ ಹಿ.ಶ. 277ರಲ್ಲಿ ನಿಧನರಾದ ಅಬೂ ಹಾತಿಮ್ ಅರ್‍ರಾಝಿಯವರು(ರ.ಅ) ಈ ಸನದು ಬುಡವಿಲ್ಲದ್ದೆಂದು ತೀರ್ಪಿತ್ತರು. ಅವರ ಮಗ ಇಬ್ನ್ ಅಬೀ ಹಾತಿಮ್ ಇದನ್ನು ದೋಷಗಳ ಕುರಿತ ತಮ್ಮ 'ಇಲಲ್' ಗ್ರಂಥದಲ್ಲಿ ಬರೆದಿಟ್ಟರು.

ತಪ್ಪು ಹೇಗಾಯಿತು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಮಾಲಿಕ್, ಝೈದ್, ಅತಾ, ಅಬೂ ಸಈದ್ ಎಂಬುದು ಹದೀಸ್ ಕಲಿತವರ ನಾಲಿಗೆಗೆ ರೂಢಿಯಾದ ಸರಣಿ. ನೆನಪು ಸಡಿಲವಾದಾಗ ನಾಲಿಗೆಯು ಅಪರೂಪದ ಹೆಸರುಗಳನ್ನು ಬಿಟ್ಟು ಬಳಸಿದ ಹಾದಿಯನ್ನೇ ಹಿಡಿಯುತ್ತದೆ. ವಿಮರ್ಶಕರಿಗೆ ಈ ಜಾರುವಿಕೆಯ ಪರಿಚಯ ಚೆನ್ನಾಗಿತ್ತು. ಹೆಸರುಗಳು ಒಳ್ಳೆಯವಾಗಿವೆ ಎಂಬುದಷ್ಟೇ ಅವರಿಗೆ ಸಾಲುತ್ತಿರಲಿಲ್ಲ. ಒಬ್ಬ ಗುರುವಿನ ಶಿಷ್ಯರೆಲ್ಲರ ವರದಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಗುಂಪಿನಿಂದ ಯಾರು ಒಂಟಿಯಾಗಿ ಬೇರ್ಪಡುತ್ತಾರೆಂದು ನೋಡುವುದೇ ಅವರ ಕೆಲಸದ ಜೀವಾಳವಾಗಿತ್ತು.

ಹೊಸ ಸರಣಿಗಳು ಹುಟ್ಟುತ್ತಿದ್ದವು ಎಂಬ ಶಾಖ್ಟ್‌ರ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವೇನೆಂದರೆ ಅವುಗಳನ್ನು ಹಿಡಿಯುವವರೂ ಇದ್ದರು, ಮತ್ತು ತಮಗೆ ಅನುಕೂಲವಾಗುವಂಥದ್ದನ್ನೂ ಅವರು ಬಿಟ್ಟುಕೊಟ್ಟರು. ಯಹ್ಯಾರಿಂದ ಈ ಹದೀಸನ್ನು 700 ಜನರು ವರದಿ ಮಾಡಿದ್ದಾರೆಂಬ ಹೇಳಿಕೆಯೊಂದು ಪ್ರಚಾರದಲ್ಲಿತ್ತು. ಬುಖಾರಿಗೆ ಮಹಾ ವ್ಯಾಖ್ಯಾನ ಬರೆದ ಇಬ್ನ್ ಹಜರ್ ಅಸ್ಕಲಾನಿಯವರು(ರ.ಅ) ತಾವು ಹದೀಸ್ ಕಲಿಕೆಗೆ ತೊಡಗಿದಂದಿನಿಂದ ಹುಡುಕಿದರೂ 100 ಅನ್ನು ಕೂಡ ಪೂರ್ತಿಗೊಳಿಸಲಾಗಲಿಲ್ಲ ಎಂದು ಬರೆದರು.

ಹಾಗಾದರೆ ಮೊದಲ ವಾದದ ಗತಿಯೇನು? ಉತ್ತರ ಪ್ರದೇಶದ ಮವೂ ಎಂಬಲ್ಲಿ ಜನಿಸಿ, ಕೇಂಬ್ರಿಜ್‌ನಲ್ಲಿ 1966ರಲ್ಲಿ ಡಾಕ್ಟರೇಟ್ ಪಡೆದ ಮುಸ್ತಫಾ ಅಅ್‌ಝಮಿಯವರು ಶಾಖ್ಟ್‌ರಿಗೆ ವಿಸ್ತಾರವಾದ ಉತ್ತರ ಬರೆದರು. ಹದೀಸುಗಳನ್ನು ಬರೆದಿಟ್ಟುಕೊಳ್ಳುವ ರೂಢಿ ಬಹಳ ಮುಂಚೆಯೇ ಇತ್ತು, ದೂರದೂರದ ಊರುಗಳಲ್ಲಿದ್ದವರು ಒಟ್ಟಾಗಿ ಸರಣಿಗಳನ್ನು ಹೊಸೆದರೆಂಬುದು ನಂಬಲಾಗದ ಮಾತು ಎಂಬುದು ಅವರ ನಿಲುವು. ಅದೇ ಮವೂವಿನ ಹಬೀಬುರ್ರಹ್ಮಾನ್ ಅಅ್‌ಝಮಿಯವರು ಸಂಪಾದಿಸಿ 1970ರಿಂದ ಪ್ರಕಟವಾದ ಅಬ್ದುರ್ರಝ್ಝಾಕ್‌ರ 'ಮುಸನ್ನಫ್' ಇನ್ನೊಂದು ಬಾಗಿಲನ್ನು ತೆರೆಯಿತು. ಜರ್ಮನ್ ವಿದ್ವಾಂಸ ಹರಾಲ್ಡ್ ಮೊಟ್ಸ್ಕಿ ಅದರ ವರದಿಗಳನ್ನು ಎಣಿಸಿ ವಿಂಗಡಿಸಿದರು. ಮಕ್ಕದ ಇಬ್ನ್ ಜುರೈಜ್ ತಮ್ಮ ಗುರು ಅತಾ ಬಿನ್ ಅಬೀ ರಬಾಹ್‌ರಿಂದ ಹೇಳುವ ಸಾವಿರಾರು ಮಾತುಗಳಲ್ಲಿ ಹೆಚ್ಚಿನವು ಅತಾರ ಸ್ವಂತ ಅಭಿಪ್ರಾಯಗಳು. ಪ್ರವಾದಿಯವರವರೆಗೆ(ಸ) ತಲುಪುವವು ಕಡಿಮೆ. ಕೆಲವೆಡೆ ತಾನು ನೇರವಾಗಿ ಕೇಳಲಿಲ್ಲವೆಂದು, ಕೆಲವೆಡೆ ತನಗೆ ಸಂದೇಹವಿದೆಯೆಂದು ಇಬ್ನ್ ಜುರೈಜ್ ಒಪ್ಪಿಕೊಳ್ಳುತ್ತಾರೆ. ಕಟ್ಟಿ ಹೇಳುವವನು ತನ್ನ ಸರಕನ್ನು ಹೀಗೆ ತಾನೇ ಅಗ್ಗವಾಗಿಸುವುದಿಲ್ಲ ಎಂದು ಮೊಟ್ಸ್ಕಿ ವಾದಿಸಿದರು. ಕೂಡುಬಿಂದುವಿನಲ್ಲಿ ನಿಂತವನು ಕಟ್ಟಿದವನೇ ಆಗಬೇಕಿಲ್ಲ. ಚದುರಿದ್ದನ್ನು ಮೊದಲ ಬಾರಿಗೆ ಸಂಗ್ರಹಿಸಿ, ಕ್ರಮವಾಗಿ ಅನೇಕ ಶಿಷ್ಯರಿಗೆ ಕಲಿಸಿದ ಗುರುವೂ ಆಗಿರಬಹುದು ಎಂಬುದು ಅವರ ವಿವರಣೆ.

ಮದೀನದ ಯಹ್ಯಾ ಬಿನ್ ಸಈದ್ ಅಂತಹ ಗುರುವೇ ಆಗಿದ್ದರು. ಅವರಿಂದ ಈ ಹದೀಸನ್ನು ಮದೀನದಲ್ಲಿ ಮಾಲಿಕ್, ಮಕ್ಕದಲ್ಲಿ ಸುಫ್ಯಾನ್ ಬಿನ್ ಉಯೈನ, ಬಸರದಲ್ಲಿ ಹಮ್ಮಾದ್ ಬಿನ್ ಝೈದ್, ಈಜಿಪ್ಟಿನಲ್ಲಿ ಲೈಸ್ ಬಿನ್ ಸಅದ್, ಖುರಾಸಾನಿನ ಇಬ್ನುಲ್ ಮುಬಾರಕ್ ವರದಿ ಮಾಡಿದ್ದಾರೆ. ಇಷ್ಟು ದೂರದ ಶಿಷ್ಯರು ಒಂದೇ ಮಾತನ್ನು ಒಬ್ಬರೇ ಗುರುವಿನ ಹೆಸರಿನಲ್ಲಿ ಹೇಳುವಾಗ, ಅದನ್ನು ಯಹ್ಯಾ ಕಲಿಸಿದರೆಂಬುದನ್ನು ಇತಿಹಾಸಕಾರನೂ ಅಲ್ಲಗಳೆಯಲಾರ. ಅವರು ನಿಧನರಾದದ್ದು ಹಿ.ಶ. 143ರ (ಕ್ರಿ.ಶ. 760) ಸುಮಾರಿಗೆ. ಇದು ಇಮಾಮ್ ಬುಖಾರಿಯವರ ನಿಧನಕ್ಕಿಂತ 110 ವರ್ಷಗಳಷ್ಟು ಹಿಂದೆ.

ಅಲ್ಲಿಂದ ಹಿಂದಕ್ಕೆ ಉಳಿಯುವುದು ಮೂರು ಹೆಸರುಗಳು. ಅಲ್ಲಿ ಹೋಲಿಸಿ ನೋಡಲು ಬೇರೆ ಶಿಷ್ಯರ ವರದಿಗಳಿಲ್ಲ. ಸರಣಿಗಳ ಹೋಲಿಕೆಯು ಅಲ್ಲಿಗೆ ನಿಲ್ಲುತ್ತದೆ. ಆ ಮೂವರ ಸತ್ಯನಿಷ್ಠೆ ಮತ್ತು ನೆನಪಿನ ಕುರಿತು ಅವರನ್ನು ಬಲ್ಲವರು ಕೊಟ್ಟ ಸಾಕ್ಷ್ಯವು ಅಲ್ಲಿಂದ ನಮ್ಮ ಆಧಾರ. ಆ ಸಾಕ್ಷ್ಯವನ್ನು ನಮ್ಮ ಇಮಾಮರು ಪರಿಶೀಲಿಸಿ ಒಪ್ಪಿದರು, ನಾನೂ ಒಪ್ಪುತ್ತೇನೆ. ಒಪ್ಪದ ಇತಿಹಾಸಕಾರನ ಬಾಯಿ ಮುಚ್ಚಿಸುವ ಬೇರೆ ಪುರಾವೆ ನನ್ನಲ್ಲಿದೆ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಹದೀಸ್ ಶಾಸ್ತ್ರವೇ ಇಂತಹ ಒಂಟಿ ವರದಿಗೆ 'ಗರೀಬ್' ಎಂಬ ಹೆಸರಿಟ್ಟು, ಹಲವು ದಾರಿಗಳಿಂದ ಬಂದ 'ಮುತವಾತಿರ್'ನಿಂದ ಅದನ್ನು ಬೇರೆಯಾಗಿಯೇ ಇರಿಸಿದೆ.

ಮುಂದಿನ ಭಾನುವಾರ ಇದನ್ನೆಲ್ಲ ಹಲಗೆಯ ಮೇಲೆ ಬರೆದು ವಿವರಿಸಿದೆ. ಅವಳ ಪ್ರಶ್ನೆಯನ್ನು ತಡೆದದ್ದು ನನ್ನ ತಪ್ಪೆಂದು ಎಲ್ಲರ ಮುಂದೆ ಹೇಳಿದೆ. ಜೊತೆಗೆ ಇನ್ನೊಂದನ್ನೂ ಒಪ್ಪಿಕೊಳ್ಳಬೇಕಾಯಿತು. ಉಮ್ಮು ಕೈಸ್ ಎಂಬ ಮಹಿಳೆಯನ್ನು ವಿವಾಹವಾಗಲೆಂದೇ ಹಿಜ್ರತ್ ಮಾಡಿದ ವ್ಯಕ್ತಿಯ ಕಾರಣದಿಂದ ಪ್ರವಾದಿಯವರು(ಸ) ಈ ಮಾತನ್ನು ಹೇಳಿದರೆಂದು ನಾನು ವರ್ಷಗಟ್ಟಲೆ ಉಪನ್ಯಾಸಗಳಲ್ಲಿ ಹೇಳುತ್ತಾ ಬಂದಿದ್ದೆ. ಆ ವ್ಯಕ್ತಿಯ ಕಥೆಗೆ ಸನದಿದೆ. ಆದರೆ ಈ ಹದೀಸನ್ನು ಆ ಕಾರಣಕ್ಕಾಗಿ ಹೇಳಲಾಯಿತು ಎಂಬುದಕ್ಕೆ ಅದರಲ್ಲಿ ಆಧಾರವಿಲ್ಲವೆಂದು ಇಬ್ನ್ ಹಜರ್ ತಿಳಿಸಿದ್ದಾರೆ. ಕೇಳುವವರ ಮನಸ್ಸಿಗೆ ನಾಟುತ್ತದೆಂದು ನಾನು ಅದನ್ನು ಬಿಟ್ಟಿರಲಿಲ್ಲ.

"ಉಸ್ತಾದರೇ, ಇನ್ನು ಆ ಕಥೆ ಹೇಳುವುದಿಲ್ಲವೇ?" ಎಂದು ಒಬ್ಬ ಹುಡುಗ ಕೇಳಿದ.

"ಹೇಳುತ್ತೇನೆ, ಹದೀಸಿಗೆ ಜೋಡಿಸುವುದಿಲ್ಲ" ಎಂದೆ. ಆ ವಿದ್ಯಾರ್ಥಿನಿ ತನ್ನ ಪುಸ್ತಕದಲ್ಲಿ ಅದನ್ನು ಬರೆದುಕೊಂಡಳು.

ಅಲ್ಲಾಹನು ನಮ್ಮ ನಿಯ್ಯತನ್ನು ಶುದ್ಧಗೊಳಿಸಲಿ. ಆಮೀನ್.