ಸಾಲು ಮುರಿಯುವ ಜಾಗ

ಕವಿತೆಯ ಪುಸ್ತಕ ತೆರೆದಾಗ ನನ್ನ ಕಣ್ಣು ಮೊದಲು ಹೋಗುವುದು ಪುಟದ ಬಲಗಡೆಗೆ, ಸಾಲುಗಳು ನಿಲ್ಲುವ ಜಾಗಕ್ಕೆ. ಕವಿ ಇಲ್ಲೇ ಏಕೆ ನಿಲ್ಲಿಸಿದ ಎಂದು ಹುಡುಕುತ್ತ ಕೂರುವುದು ನನಗೆ ಬಲು ಇಷ್ಟ.

ಭಾಮಿನಿ ಷಟ್ಪದಿಯಲ್ಲಿ ಈ ಪ್ರಶ್ನೆ ಏಳುವುದಿಲ್ಲ. ಮೊದಲ ಸಾಲಿಗೆ 14 ಮಾತ್ರೆ. ಅಷ್ಟು ತುಂಬಿದರೆ ಸಾಲು ಮುಗಿಯಿತು, ಪದ ಅರ್ಧಕ್ಕೆ ತುಂಡಾದರೂ ಸರಿಯೇ. ಮುಕ್ತಛಂದದ ಕವಿಗೆ ಆ ಲೆಕ್ಕದ ಕಟ್ಟು ಇಲ್ಲ. ಎಲ್ಲಿ ನಿಲ್ಲಬೇಕೆಂದು ಅವನೇ ತೀರ್ಮಾನಿಸಬೇಕು. ಹಾಗಾಗಿ ನಿಂತ ಜಾಗವೂ ಮಾತಾಡುತ್ತದೆ.

‘ಮಗ ಬರುತ್ತಾನೆ ಎಂದು ಅಮ್ಮ ಬಾಗಿಲು ಹಾಕಿಲ್ಲ.’ ಇದೊಂದು ಸಾದಾ ವಾಕ್ಯ, ಓದಿದ ಕೂಡಲೇ ಅರ್ಥವಾಗುತ್ತದೆ. ಇದನ್ನೇ ನಾನು ಹೀಗೆ ಮುರಿಯುತ್ತೇನೆ:

ಮಗ ಬರುತ್ತಾನೆ
ಎಂದು ಅಮ್ಮ
ಬಾಗಿಲು

ಹಾಕಿಲ್ಲ

ಮೊದಲ ಸಾಲು ಓದುವಾಗ ಅದು ಸುದ್ದಿ. ಮಗ ಬರುತ್ತಾನೆ, ಅಷ್ಟೇ. ನಾವೂ ನಂಬುತ್ತೇವೆ. ಎರಡನೆಯ ಸಾಲಿನ ‘ಎಂದು’ ಬಂದದ್ದೇ ತಡ, ಸುದ್ದಿ ಹೋಗಿ ಅದು ಅಮ್ಮನ ಎಣಿಕೆಯಾಗುತ್ತದೆ. ಒಂದು ಗಳಿಗೆ ನಾವೂ ಅವಳಂತೆಯೇ ನಂಬಿದ್ದೆವಲ್ಲ, ಅವಳ ನಿರೀಕ್ಷೆ ನಮ್ಮದೂ ಆಗಿಬಿಟ್ಟಿರುತ್ತದೆ. ಮುಂದೆ ‘ಬಾಗಿಲು’, ಆಮೇಲೆ ಖಾಲಿ ಜಾಗ. ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೇ ಬರುವುದು. ಅದನ್ನು ತಡೆದು ನಿಲ್ಲಿಸಿದರೆ ತೆರೆದಳೋ, ಮುಚ್ಚಿದಳೋ ಎಂದು ಓದುಗ ಕಾಯಬೇಕು. ಅಮ್ಮ ಕಾಯುತ್ತಿರುವುದನ್ನು ಕವಿತೆ ಎಲ್ಲೂ ಬಾಯಿಬಿಟ್ಟು ಹೇಳಿಲ್ಲ. ಆ ಕೆಲಸವನ್ನು ಖಾಲಿ ಜಾಗ ಮಾಡಿದೆ.

ಈಗ ಬೇರೆ ಕಡೆ ಮುರಿದು ನೋಡಿ:

ಮಗ ಬರುತ್ತಾನೆ ಎಂದು ಅಮ್ಮ
ಬಾಗಿಲು ಹಾಕಿಲ್ಲ

ಪದಗಳು ಅವೇ, ಆದರೆ ಮಗ ಬರುತ್ತಾನೆಂದು ನಂಬಲು ನಮಗೆ ಪುರಸೊತ್ತೇ ಸಿಗಲಿಲ್ಲ. ಬಾಗಿಲ ಬಳಿ ಕಾಯುವುದೂ ತಪ್ಪಿತು. ಇದು ಎರಡು ಸಾಲಿನಲ್ಲಿ ಬರೆದ ಗದ್ಯ.

ಹೊಸದಾಗಿ ಕವಿತೆ ಓದುವವರು ಇದೇ ಪರೀಕ್ಷೆ ಮಾಡಬಹುದು. ಸಾಲುಗಳನ್ನು ಕೂಡಿಸಿ ಗದ್ಯದಂತೆ ಒಮ್ಮೆ ಓದಿ, ಮತ್ತೆ ಕವಿತೆಯಾಗಿ ಓದಿ. ಸಾಲಿನ ತುದಿಯಲ್ಲಿ ಅರೆಕ್ಷಣ ನಿಂತರೆ ಸಾಕು, ಪೂರ್ಣವಿರಾಮದಷ್ಟು ಬೇಡ. ಎರಡು ಓದಿನ ನಡುವೆ ಏನೂ ವ್ಯತ್ಯಾಸ ಕಾಣದಿದ್ದರೆ ಆ ಮುರಿತ ಬರೀ ಅಲಂಕಾರ.

ಒಂದು ಎಚ್ಚರ ಬೇಕು. ಪತ್ರಿಕೆಯ ಕಿರಿದಾದ ಅಂಕಣದಲ್ಲೋ ಮೊಬೈಲ್ ಪರದೆಯಲ್ಲೋ ಉದ್ದದ ಸಾಲು ಜಾಗ ಸಾಲದೆ ತಾನಾಗಿ ಮಡಚಿಕೊಳ್ಳುತ್ತದೆ. ಅದು ಕವಿಯ ಮುರಿತವಲ್ಲ. ಮಡಚಿದ ತುಂಡನ್ನು ಮುದ್ರಕರು ತುಸು ಒಳಸರಿಸಿದ್ದರೆ ಗುರುತು ಸಿಗುತ್ತದೆ, ಇಲ್ಲವಾದರೆ ಪುಸ್ತಕದ ಪುಟವನ್ನೇ ನೋಡಬೇಕು. ಕವಿ ನಿಂತ ಜಾಗ ಖಚಿತವಾದ ಮೇಲೆಯೇ ನಾನು ಅರ್ಥಕ್ಕೆ ಕೈಹಾಕುವುದು.